2016ರ ಒಂದು ಇಮೇಲ್: ಡಿಜಿಟಲ್ ಸಹಿ ಸಾಬೀತುಪಡಿಸಿದ್ದೇನು, ಮ್ಯಾಕ್ ಸಂಕೇತ ಇದ್ದಿದ್ದರೆ ಆಗುತ್ತಿದ್ದುದೇನು

2016ರ ಅಕ್ಟೋಬರ್ 7ರಂದು ವಿಕಿಲೀಕ್ಸ್ ಸಂಸ್ಥೆಯು ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರ ಸಮಿತಿಯ ಅಧ್ಯಕ್ಷ ಜಾನ್ ಪೊಡೆಸ್ಟಾ ಅವರ ಜಿಮೇಲ್ ಖಾತೆಯಿಂದ ಕದ್ದ ಪತ್ರಗಳನ್ನು ಕಂತುಕಂತಾಗಿ ಪ್ರಕಟಿಸಲು ಆರಂಭಿಸಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಬಂದ ಒಂದು ಮೋಸದ ಇಮೇಲ್ ಮೂಲಕ ಅವರ ಪಾಸ್‌ವರ್ಡ್ ಕಳ್ಳರ ಕೈಸೇರಿತ್ತು. ಹೊರಬಿದ್ದ ಪತ್ರಗಳಲ್ಲಿ ಮಾರ್ಚ್ 12ರ ದಿನಾಂಕದ ಒಂದು ಸರಣಿ ಬಹಳ ಚರ್ಚೆಗೆ ಒಳಗಾಯಿತು. ಆಗ ಸಿಎನ್‌ಎನ್ ವಾಹಿನಿಯಲ್ಲಿ ವಿಶ್ಲೇಷಕಿಯಾಗಿದ್ದ ಡೋನಾ ಬ್ರಾಜಿಲ್ ಅವರು, ಮರುದಿನ ಆ ವಾಹಿನಿ ನಡೆಸಲಿದ್ದ ಸಾರ್ವಜನಿಕ ಸಂವಾದದ ಹಿನ್ನೆಲೆಯಲ್ಲಿ ಮರಣದಂಡನೆ ಕುರಿತ ಒಂದು ಪ್ರಶ್ನೆಯನ್ನು ಕ್ಲಿಂಟನ್ ತಂಡಕ್ಕೆ ಮುಂಚಿತವಾಗಿ ಕಳುಹಿಸಿದ್ದರೆಂಬುದು ಅದರ ಸಾರ. ಆ ಪತ್ರದ ವಿಷಯದ ಸಾಲಿನಲ್ಲೇ, ಪ್ರಶ್ನೆಗಳು ಆಗಾಗ ತಮಗೆ ಮೊದಲೇ ಸಿಗುತ್ತವೆ ಎಂಬರ್ಥದ ಮಾತಿತ್ತು. ಅಕ್ಟೋಬರ್‌ನಲ್ಲಿ ಈ ಬಗ್ಗೆ ಕೇಳಿದಾಗ, ತಿದ್ದಿದ ಇಮೇಲ್‌ಗಳನ್ನು ತಾವು ಬಹಳಷ್ಟು ನೋಡಿರುವುದಾಗಿಯೂ, ಕದ್ದ ಮಾಹಿತಿಯನ್ನು ದೃಢೀಕರಿಸಲು ಸಿದ್ಧರಿಲ್ಲವೆಂದೂ ಬ್ರಾಜಿಲ್ ಉತ್ತರಿಸಿದರು.

ಕದ್ದವರು ಯಾರೋ, ಪ್ರಕಟಿಸಿದವರು ಇನ್ಯಾರೋ. ನಡುವೆ ಯಾರು ಬೇಕಾದರೂ ಒಂದೆರಡು ಸಾಲು ಸೇರಿಸಿರಬಹುದು ಎಂಬ ಸಂಶಯ ಸಹಜವಾದದ್ದೇ. ಬರೀ ಪಠ್ಯವನ್ನು ನೋಡಿ ಆ ಸಂಶಯವನ್ನು ಪರಿಹರಿಸಲು ಸಾಧ್ಯವಿರಲಿಲ್ಲ. ಆದರೆ ಅದೇ ತಿಂಗಳಲ್ಲಿ ಭದ್ರತಾ ತಜ್ಞ ರಾಬರ್ಟ್ ಗ್ರಹಾಂ ಅವರು ಆ ಸರಣಿಯ ಒಂದು ಪತ್ರ ಕಳುಹಿಸಿದಾಗ ಹೇಗಿತ್ತೋ ಹಾಗೆಯೇ ಇದೆ ಎಂಬುದನ್ನು ತಮ್ಮ ಕಂಪ್ಯೂಟರಿನಲ್ಲೇ ಪರೀಕ್ಷಿಸಿ ತೋರಿಸಿದರು. ಅದಕ್ಕೆ ಅವರು ವಿಕಿಲೀಕ್ಸನ್ನು ನಂಬಬೇಕಾಗಲಿಲ್ಲ, ಪೊಡೆಸ್ಟಾ ಅವರ ಒಪ್ಪಿಗೆಯೂ ಬೇಕಾಗಲಿಲ್ಲ, ಗೂಗಲ್ ಸಂಸ್ಥೆಯನ್ನು ವಿಚಾರಿಸುವ ಅಗತ್ಯವೂ ಬೀಳಲಿಲ್ಲ. ಪತ್ರದ ಹೆಡರಿನಲ್ಲಿ, ಅಂದರೆ ಪಠ್ಯದ ಮೇಲೆ ಇರುವ ವಿವರಗಳ ಭಾಗದಲ್ಲಿ, ಒಂದು ಡಿಜಿಟಲ್ ಸಹಿ ಇತ್ತು, ಅಷ್ಟೇ. ಆ ಸಹಿಯ ಜಾಗದಲ್ಲಿ ಸಂದೇಶ ದೃಢೀಕರಣ ಸಂಕೇತ, ಅಂದರೆ ಮ್ಯಾಕ್, ಇದ್ದಿದ್ದರೆ ಈ ಪರೀಕ್ಷೆ ನಡೆಯಲು ಸಾಧ್ಯವೇ ಇರುತ್ತಿರಲಿಲ್ಲ. ಎರಡು ತಂತ್ರಗಳ ನಡುವಿನ ವ್ಯತ್ಯಾಸವನ್ನು ಇಷ್ಟು ನಿಚ್ಚಳವಾಗಿ ತೋರುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ.

ಆ ಸಹಿಯನ್ನು ಪೊಡೆಸ್ಟಾ ಅವರಾಗಲಿ ಅವರಿಗೆ ಪತ್ರ ಬರೆದವರಾಗಲಿ ಹಾಕಿರಲಿಲ್ಲ. ಅಂಥದ್ದೊಂದು ಇದೆಯೆಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿದೂ ಇರಲಾರದು. ಡಿಕಿಮ್ ಎಂಬ ವ್ಯವಸ್ಥೆಯಂತೆ ಇಮೇಲ್ ಕಳುಹಿಸುವ ಸರ್ವರ್ ತಾನಾಗಿಯೇ ಪ್ರತಿ ಪತ್ರಕ್ಕೂ ಸಹಿ ಹಾಕುತ್ತದೆ. 2007ರಲ್ಲಿ ಮಾನಕವಾಗಿ ಪ್ರಕಟವಾದ ಈ ವ್ಯವಸ್ಥೆಯ ಉದ್ದೇಶ ಸೀಮಿತವಾದದ್ದು. ಬ್ಯಾಂಕಿನ ಹೆಸರಿನಲ್ಲಿ ಬಂದ ಪತ್ರ ನಿಜವಾಗಿ ಆ ಬ್ಯಾಂಕಿನ ಡೊಮೇನಿನಿಂದ ಬಂದಿದೆಯೇ ಎಂದು ಪತ್ರವನ್ನು ಸ್ವೀಕರಿಸುವ ಸರ್ವರ್ ಆ ಕ್ಷಣದಲ್ಲಿ ತಿಳಿದುಕೊಳ್ಳಬೇಕು, ಸುಳ್ಳಾಗಿದ್ದರೆ ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳಬೇಕು. ವರ್ಷಗಳ ನಂತರ ಯಾರೋ ಆ ಪತ್ರವನ್ನು ಸಾಕ್ಷ್ಯವಾಗಿ ಮುಂದಿಡಲಿ ಎಂಬುದು ಯಾರ ಉದ್ದೇಶವೂ ಆಗಿರಲಿಲ್ಲ. ಮೇಲಿನ ಸರಣಿಯಲ್ಲಿ ಪರೀಕ್ಷೆಗೆ ಒಳಗಾದ ಪತ್ರದ ಸಹಿಯ ಹೆಡರ್, ಉದ್ದನೆಯ ಭಾಗಗಳನ್ನು ಬಿಟ್ಟರೆ, ಹೀಗಿದೆ:

```
DKIM-Signature: v=1; a=rsa-sha256; c=relaxed/relaxed;
    d=hillaryclinton.com; s=google;
    h=...; bh=...; b=...
```

ಇದರಲ್ಲಿ `d` ಎಂಬುದು ಸಹಿಗೆ ಹೊಣೆ ಹೊತ್ತ ಡೊಮೇನ್. `s` ಎಂಬುದು ಆ ಡೊಮೇನಿನ ಹಲವು ಕೀಗಳಲ್ಲಿ, ಅಂದರೆ ಸಹಿಯ ಲೆಕ್ಕಕ್ಕೆ ಬಳಸುವ ಸಂಖ್ಯೆಗಳಲ್ಲಿ, ಯಾವುದನ್ನು ಬಳಸಲಾಗಿದೆ ಎಂಬುದರ ಗುರುತು. `bh` ಎಂಬಲ್ಲಿ ಪತ್ರದ ಒಡಲಿನ ಹ್ಯಾಶ್ ಇರುತ್ತದೆ, ಅಂದರೆ ಇಡೀ ಪಠ್ಯವನ್ನು ಲೆಕ್ಕ ಹಾಕಿ ತೆಗೆದ, ಒಂದು ಅಕ್ಷರ ಬದಲಾದರೂ ಪೂರ್ತಿ ಬದಲಾಗುವ 256 ಬಿಟ್‌ಗಳ ಒಂದು ಮೌಲ್ಯ. `h` ಎಂಬಲ್ಲಿ ಸಹಿಯ ವ್ಯಾಪ್ತಿಗೆ ಬರುವ ಹೆಡರುಗಳ ಹೆಸರುಗಳಿರುತ್ತವೆ. ಕಳುಹಿಸಿದವರು, ಸ್ವೀಕರಿಸುವವರು, ದಿನಾಂಕ, ವಿಷಯ ಮುಂತಾದವು ಸಾಮಾನ್ಯವಾಗಿ ಇದರಲ್ಲಿ ಸೇರುತ್ತವೆ. ಕೊನೆಯ `b` ಸಹಿಯೇ. ಸರ್ವರ್ ಮಾತ್ರ ಗುಟ್ಟಾಗಿ ಇಟ್ಟುಕೊಂಡ ಖಾಸಗಿ ಕೀ ಬಳಸಿ ಇದನ್ನು ಲೆಕ್ಕ ಹಾಕಲಾಗುತ್ತದೆ. ಪರೀಕ್ಷಿಸಲು ಬೇಕಾದ ಸಾರ್ವಜನಿಕ ಕೀ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್ ಹೆಸರುಗಳ ಸಾರ್ವಜನಿಕ ದಾಖಲೆಯಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟಿರುತ್ತದೆ. ಈ ಪತ್ರದ ಮಟ್ಟಿಗೆ ಅದು ಇದ್ದ ಹೆಸರು `google._domainkey.hillaryclinton.com`. ಗ್ರಹಾಂ ಅವರು ಮಾಡಿದ್ದಿಷ್ಟೇ: ವಿಕಿಲೀಕ್ಸ್ ತಾಣದಿಂದ ಪತ್ರದ ಮೂಲರೂಪವನ್ನು ಇಳಿಸಿಕೊಂಡು, ಡಿಕಿಮ್ ಪರೀಕ್ಷಿಸುವ ತಂತ್ರಾಂಶಕ್ಕೆ ಕೊಟ್ಟು, ಆ ಕೀಗೆ ಸಹಿ ಹೊಂದುತ್ತದೆ ಎಂಬುದನ್ನು ಕಂಡರು. ಬಳಿಕ ಪಠ್ಯವನ್ನು ಸ್ವಲ್ಪ ಬದಲಿಸಿದರೆ ಪರೀಕ್ಷೆ ವಿಫಲವಾಗುವುದನ್ನು ಯಾರು ಬೇಕಾದರೂ ನೋಡಬಹುದಿತ್ತು.

ಈಗ ಈ ಫಲಿತಾಂಶ ಏನನ್ನು ಸಾಬೀತುಪಡಿಸಿತು ಎಂಬುದನ್ನು ಅಳೆದು ಹೇಳಬೇಕು, ಏಕೆಂದರೆ ಆಗಿನ ವಾದವಿವಾದಗಳಲ್ಲಿ ಎರಡೂ ಕಡೆಯವರು ಅದನ್ನು ತಮಗೆ ಬೇಕಾದಷ್ಟು ಹಿಗ್ಗಿಸಿದರು ಅಥವಾ ಕುಗ್ಗಿಸಿದರು. ಸಹಿ ಹೇಳುವುದು ಇಷ್ಟು: hillaryclinton.com ಡೊಮೇನಿನ ಖಾಸಗಿ ಕೀ ಇದ್ದ ಯಂತ್ರವೊಂದು ಇದೇ ಒಡಲನ್ನೂ ಇದೇ ಹೆಡರುಗಳನ್ನೂ ನೋಡಿ ಸಹಿ ಹಾಕಿದೆ, ಆಮೇಲೆ ಅವು ಬದಲಾಗಿಲ್ಲ. ಕದ್ದವರು ನಡುವೆ ತಿದ್ದಿದರೆಂಬ ವಾದ, ಈ ಒಂದು ಪತ್ರದ ಮಟ್ಟಿಗೆ, ಇಲ್ಲಿಗೆ ನಿಲ್ಲುತ್ತದೆ. ಆದರೆ ಪತ್ರವನ್ನು ಯಾರ ಬೆರಳುಗಳು ಟೈಪ್ ಮಾಡಿದವು ಎಂದು ಸಹಿ ಹೇಳುವುದಿಲ್ಲ. ಖಾತೆಗೆ ಲಾಗಿನ್ ಆದ ಯಾರು ಕಳುಹಿಸಿದರೂ ಸರ್ವರ್ ಅದೇ ಸಹಿ ಹಾಕುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಈ ಪ್ರಕರಣದಲ್ಲಿದೆ. hillaryclinton.com ಸಹಿ ಇದ್ದದ್ದು ಬ್ರಾಜಿಲ್ ಅವರ ಮೂಲ ಪತ್ರದ ಮೇಲಲ್ಲ, ಅದಕ್ಕೆ ಕ್ಲಿಂಟನ್ ತಂಡದ ಸಂವಹನ ನಿರ್ದೇಶಕಿ ಕೊಟ್ಟ ಉತ್ತರದ ಮೇಲೆ. ಬ್ರಾಜಿಲ್ ಅವರ ಮಾತುಗಳು ಆ ಉತ್ತರದ ಕೆಳಗೆ ಉಲ್ಲೇಖವಾಗಿ ಬಂದಿದ್ದವು. ಹಾಗಾಗಿ ಗಣಿತ ಹೇಳಿದ್ದು, ಕ್ಲಿಂಟನ್ ತಂಡದ ಡೊಮೇನಿನಿಂದ ಹೊರಟ ಉತ್ತರದಲ್ಲಿ ಈ ಉಲ್ಲೇಖವೂ ಇತ್ತು ಎಂದು ಮಾತ್ರ. ಉತ್ತರ ಬರೆಯುವಾಗಲೇ ಉಲ್ಲೇಖವನ್ನು ಯಾರೂ ತಿದ್ದಿರಲಾರರು ಎಂಬುದು ಸಾಮಾನ್ಯ ತಿಳಿವಳಿಕೆಯಿಂದ ನಾವು ಸೇರಿಸುವ ತೀರ್ಮಾನ. ಬಹಳ ಬಲವಾದ ತೀರ್ಮಾನವೇ ಸರಿ, ಆದರೆ ಅದು ಸಹಿಯಿಂದ ಬಂದದ್ದಲ್ಲ. ಮುಂದೆ 2017ರ ಮಾರ್ಚ್‌ನಲ್ಲಿ ಬ್ರಾಜಿಲ್ ಅವರೇ ಒಂದು ಲೇಖನದಲ್ಲಿ, ಆ ಇಮೇಲ್‌ಗಳನ್ನು ಕಳುಹಿಸಿದ್ದು ತಾವು ಸದಾ ವಿಷಾದಿಸುವ ತಪ್ಪೆಂದು ಬರೆದರು. ಸಹಿ ತಲುಪಲಾರದ ಆ ಒಂದು ಹೆಜ್ಜೆಯನ್ನು ಅವರ ಮಾತೇ ಪೂರ್ಣಗೊಳಿಸಿತು.

ಸಹಿ ಇಲ್ಲದ, ಅಥವಾ ಪರೀಕ್ಷೆಯಲ್ಲಿ ವಿಫಲವಾದ ಪತ್ರಗಳ ವಿಷಯದಲ್ಲೂ ಎಚ್ಚರ ಬೇಕು. ಪೊಡೆಸ್ಟಾ ಅವರು ತಾವೇ ಕಳುಹಿಸಿ, ತಮ್ಮ ಖಾತೆಯ ಕಳುಹಿಸಿದ ಪತ್ರಗಳ ಪೆಟ್ಟಿಗೆಯಲ್ಲಿ ಉಳಿದ ಪ್ರತಿಗಳಲ್ಲಿ ಡಿಕಿಮ್ ಸಹಿ ಇರುವುದಿಲ್ಲ, ಏಕೆಂದರೆ ಪತ್ರ ಹೊರಹೋಗುವಾಗ ಸರ್ವರ್ ಸಹಿ ಹಾಕುವುದು ಹೊರಹೋಗುವ ಪ್ರತಿಗೆ. ಮೇಲಿಂಗ್ ಲಿಸ್ಟ್‌ಗಳ ಮೂಲಕ ಬಂದ ಪತ್ರಗಳಿಗೆ ಕೊನೆಯಲ್ಲಿ ಒಂದೆರಡು ಸಾಲು ಅಂಟಿಕೊಳ್ಳುವುದರಿಂದ ಮೂಲ ಸಹಿ ಮುರಿಯುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಗೆದ್ದ ಪತ್ರ ತಿದ್ದಿದ್ದಲ್ಲ ಎಂದು ಹೇಳಬಹುದೇ ಹೊರತು, ಸೋತ ಪತ್ರ ತಿದ್ದಿದ್ದು ಎಂದು ಹೇಳಲಾಗದು. ಸಂಗ್ರಹದಿಂದ ಯಾವುದಾದರೂ ಪತ್ರವನ್ನು ಬೇಕೆಂದೇ ಬಿಟ್ಟಿದ್ದರೆ, ಆ ಬಗ್ಗೆ ಉಳಿದ ಪತ್ರಗಳ ಸಹಿಗಳು ಏನನ್ನೂ ತಿಳಿಸುವುದಿಲ್ಲ.

ಇದೇ ಪತ್ರಕ್ಕೆ ಮ್ಯಾಕ್ ಇದ್ದಿದ್ದರೆ ಏನಾಗುತ್ತಿತ್ತು? ಮ್ಯಾಕ್‌ನಲ್ಲಿ ಖಾಸಗಿ ಮತ್ತು ಸಾರ್ವಜನಿಕ ಎಂಬ ಎರಡು ಕೀಗಳಿರುವುದಿಲ್ಲ. ಕಳುಹಿಸುವವರಿಗೂ ಪಡೆಯುವವರಿಗೂ ಗೊತ್ತಿರುವ ಒಂದೇ ರಹಸ್ಯ ಕೀ ಇರುತ್ತದೆ. ಬಹಳ ಬಳಕೆಯಲ್ಲಿರುವವುಗಳಲ್ಲಿ ಒಂದು, ಬೆಲ್ಲಾರೆ, ಕನೆಟ್ಟಿ ಮತ್ತು ಕ್ರಾಚಿಕ್ ಅವರು 1996ರಲ್ಲಿ ವಿವರಿಸಿದ ಎಚ್‌ಮ್ಯಾಕ್. ಅದು ಕೀಯನ್ನೂ ಸಂದೇಶವನ್ನೂ ಸೇರಿಸಿ ಹ್ಯಾಶ್ ತೆಗೆದು, ಬಂದ ಮೌಲ್ಯವನ್ನು ಸಂದೇಶಕ್ಕೆ ಲಗತ್ತಿಸುತ್ತದೆ. ಪಡೆದವರು ತಮ್ಮಲ್ಲಿರುವ ಅದೇ ಕೀ ಬಳಸಿ ಮೌಲ್ಯವನ್ನು ಮತ್ತೆ ಲೆಕ್ಕ ಹಾಕಿ, ಎರಡೂ ಒಂದೇ ಆಗಿವೆಯೇ ಎಂದು ನೋಡುತ್ತಾರೆ. ಎರಡೂ ವಿಧಾನಗಳನ್ನು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶ ಇರುವ ಯಾವ ಕಂಪ್ಯೂಟರಿನಲ್ಲಾದರೂ ಮಾಡಿ ನೋಡಬಹುದು:

```
openssl dgst -sha256 -hmac "$K" patra.txt

openssl dgst -sha256 -sign khasagi.pem -out patra.sig patra.txt
openssl dgst -sha256 -verify sarvajanika.pem \
    -signature patra.sig patra.txt
```

ಮೊದಲ ಆಜ್ಞೆಯನ್ನು ಗಮನಿಸಿ, ಅದರಲ್ಲಿ `$K` ಎಂಬುದು ರಹಸ್ಯ ಕೀ. ಮ್ಯಾಕ್ ತಯಾರಿಸಲೂ ಅದೇ ಆಜ್ಞೆ, ಪರೀಕ್ಷಿಸಲೂ ಅದೇ ಆಜ್ಞೆ. ಪರೀಕ್ಷಿಸಬಲ್ಲವರೆಲ್ಲರೂ ತಯಾರಿಸಬಲ್ಲರು. ಡಿಜಿಟಲ್ ಸಹಿಗೆ ಎರಡು ಬೇರೆ ಆಜ್ಞೆಗಳು ಬೇಕು. ಪರೀಕ್ಷಿಸುವ ಆಜ್ಞೆಯನ್ನು ನಡೆಸಬಲ್ಲವರಿಗೆ ಅಷ್ಟರಿಂದಲೇ ಸಹಿ ಹಾಕುವ ಆಜ್ಞೆಯನ್ನು ನಡೆಸುವ ಶಕ್ತಿ ಬರುವುದಿಲ್ಲ. ಈ ಪ್ರಕರಣದ ಎಲ್ಲ ಪರಿಣಾಮಗಳೂ ಇದೊಂದು ವ್ಯತ್ಯಾಸದಿಂದ ಹುಟ್ಟಿದವು.

ಕ್ಲಿಂಟನ್ ತಂಡದ ಸರ್ವರ್ ಮತ್ತು ಪೊಡೆಸ್ಟಾ ಅವರ ಜಿಮೇಲ್ ಸರ್ವರ್ ನಡುವೆ ಒಂದು ರಹಸ್ಯ ಕೀ ಇತ್ತು, ಪತ್ರಕ್ಕೆ ಎಚ್‌ಮ್ಯಾಕ್ ಮೌಲ್ಯ ಲಗತ್ತಾಗಿತ್ತು ಎಂದು ಭಾವಿಸೋಣ. ಪತ್ರ ಬಂದ ಕ್ಷಣದಲ್ಲಿ ಜಿಮೇಲ್ ಸರ್ವರಿಗೆ ಪೂರ್ಣ ಭರವಸೆ ಸಿಗುತ್ತಿತ್ತು. ಅದರ ತರ್ಕ ಸರಳ: ಈ ಮೌಲ್ಯವನ್ನು ಲೆಕ್ಕ ಹಾಕಬಲ್ಲವರು ಇಬ್ಬರೇ, ನಾನು ಲೆಕ್ಕ ಹಾಕಿಲ್ಲ, ಆದ್ದರಿಂದ ಆ ಇನ್ನೊಬ್ಬರೇ ಹಾಕಿದ್ದಾರೆ. ಸಂದೇಶ ದಾರಿಯಲ್ಲಿ ತಿದ್ದಿಲ್ಲ ಎಂಬುದೂ, ಯಾರಿಂದ ಬಂತು ಎಂಬುದೂ, ಸಹಿ ಕೊಡುವಷ್ಟೇ ಖಚಿತವಾಗಿ ತಿಳಿಯುತ್ತಿತ್ತು. ಮ್ಯಾಕ್ ಎಂದರೆ ಕಡಿಮೆ ಭದ್ರತೆಯ ಸಹಿ ಎಂಬ ತಪ್ಪು ಕಲ್ಪನೆ ಆಗಾಗ ಕಾಣಿಸುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಆದರೆ ಆ ತರ್ಕದ ನಡುವಿನ ಕೊಂಡಿಯಾದ ‘ನಾನು ಲೆಕ್ಕ ಹಾಕಿಲ್ಲ’ ಎಂಬ ಮಾತು ಆ ಸರ್ವರಿಗೆ ಮಾತ್ರ ಗೊತ್ತಿರುವ ಸಂಗತಿ. ಪತ್ರವೂ ಮ್ಯಾಕ್ ಮೌಲ್ಯವೂ ಕಳ್ಳರ ಕೈಗೆ ಸಿಕ್ಕಿ, ವಿಕಿಲೀಕ್ಸ್‌ನಲ್ಲಿ ಪ್ರಕಟವಾಗಿ, ಗ್ರಹಾಂ ಅವರ ಮುಂದೆ ಬಂದಿದ್ದರೆ, ಕೀ ಇಲ್ಲದ ಅವರಿಗೆ ಮೊದಲನೆಯದಾಗಿ ಪರೀಕ್ಷಿಸಲೇ ಆಗುತ್ತಿರಲಿಲ್ಲ. ಯಾರಾದರೂ ಕೀಯನ್ನೂ ತಂದುಕೊಟ್ಟರು ಎಂದುಕೊಂಡರೂ ಪ್ರಯೋಜನವಿಲ್ಲ, ಏಕೆಂದರೆ ಆ ಕೀ ಉಳ್ಳವರು ಯಾವ ಪಠ್ಯಕ್ಕೆ ಬೇಕಾದರೂ ಸರಿಹೊಂದುವ ಮೌಲ್ಯವನ್ನು ಆಗಲೇ ತಯಾರಿಸಬಲ್ಲವರಾಗಿರುತ್ತಾರೆ. ತಂದುಕೊಟ್ಟವರೇ ಪತ್ರವನ್ನೂ ಬರೆದಿರಬಹುದು ಎಂಬ ಆಕ್ಷೇಪಕ್ಕೆ ಉತ್ತರವಿರುವುದಿಲ್ಲ. ಪತ್ರ ತಮ್ಮದಲ್ಲ ಎನ್ನಲು ಕಳುಹಿಸಿದವರಿಗೆ ಅವಕಾಶ ಉಳಿದಿರುತ್ತಿತ್ತು, ಮತ್ತು ಗಣಿತದ ಮಟ್ಟದಲ್ಲಿ ಆ ನಿರಾಕರಣೆಯನ್ನು ಯಾರೂ ಮುರಿಯಲಾಗುತ್ತಿರಲಿಲ್ಲ. ಡಿಜಿಟಲ್ ಸಹಿ ಮೂರನೆಯವರನ್ನೂ ಒಪ್ಪಿಸಬಲ್ಲದು, ಮ್ಯಾಕ್ ಕೀ ಹಂಚಿಕೊಂಡ ಎದುರಿನವರನ್ನು ಮಾತ್ರ ಒಪ್ಪಿಸಬಲ್ಲದು.

ಕೀ ಹಂಚಿಕೊಂಡವರು ಇಬ್ಬರಿಗಿಂತ ಹೆಚ್ಚಾದರೆ ಎದುರಿನವರನ್ನು ಒಪ್ಪಿಸುವ ಶಕ್ತಿಯೂ ಕುಸಿಯುತ್ತದೆ. ಮೂವರ ಬಳಿ ಒಂದೇ ಕೀ ಇದ್ದರೆ, ಬಂದ ಸಂದೇಶ ಉಳಿದಿಬ್ಬರಲ್ಲಿ ಒಬ್ಬರದು ಎಂದಷ್ಟೇ ತಿಳಿಯುತ್ತದೆ, ಯಾರದು ಎಂದು ತಿಳಿಯುವುದಿಲ್ಲ. ನಾವು ದಿನವೂ ಬಳಸುವ ವಾಟ್ಸ್‌ಆಪ್‌ನಲ್ಲೇ ಇದರ ಗುರುತು ಕಾಣುತ್ತದೆ. ಅದರಲ್ಲಿ ಇಬ್ಬರ ನಡುವಿನ ಸಂದೇಶಗಳ ದೃಢೀಕರಣಕ್ಕೆ ಎಚ್‌ಮ್ಯಾಕ್ ಬಳಕೆಯಾಗುತ್ತದೆ. ಗುಂಪಿನ ಸಂದೇಶಗಳಿಗೆ ಬಂದಾಗ ಪ್ರತಿ ಸದಸ್ಯರ ಸಾಧನವೂ ತನ್ನದೇ ಸಹಿ ಕೀ ಜೋಡಿಯನ್ನು ಮಾಡಿಕೊಂಡು, ಅದರ ಸಾರ್ವಜನಿಕ ಭಾಗವನ್ನು ಗುಂಪಿನ ಉಳಿದವರಿಗೆ ಕಳುಹಿಸಿ, ಸಂದೇಶಗಳಿಗೆ ಸಹಿ ಹಾಕುತ್ತದೆ. ಹಾಗೆ ಮಾಡದಿದ್ದರೆ ಗುಂಪಿನ ಯಾವ ಸದಸ್ಯರು ಬೇಕಾದರೂ ಇನ್ನೊಬ್ಬರ ಹೆಸರಿನಲ್ಲಿ ಸಂದೇಶ ಸೃಷ್ಟಿಸಬಹುದಿತ್ತು.

ಇಷ್ಟಾದ ಮೇಲೆ ಇಮೇಲ್ ಸರ್ವರುಗಳು ಮ್ಯಾಕ್ ಅನ್ನೇ ಏಕೆ ಬಳಸಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಸ್ಪ್ಯಾಮ್ ತಡೆಗೆ ಎದುರಿನ ಸರ್ವರ್ ಒಪ್ಪಿದರೆ ಸಾಕಿತ್ತಲ್ಲ. ಕಾರಣ ಕೀ ಹಂಚಿಕೆಯಲ್ಲಿದೆ. ಸಾವಿರ ಡೊಮೇನುಗಳು ಪರಸ್ಪರ ಪತ್ರ ಕಳುಹಿಸುವುದಾದರೆ, ಪ್ರತಿ ಜೋಡಿಗೂ ಒಂದು ರಹಸ್ಯ ಕೀಯಂತೆ 4,99,500 ಕೀಗಳನ್ನು ಮೊದಲೇ ಗುಟ್ಟಾಗಿ ಹಂಚಿಕೊಂಡಿರಬೇಕು. ಡೊಮೇನುಗಳು ಕೋಟಿಗಟ್ಟಲೆ ಇರುವ ಜಾಲದಲ್ಲಿ ಅದು ಆಗದ ಮಾತು. ಸಹಿಯಾದರೆ ಪ್ರತಿ ಡೊಮೇನ್ ಒಂದು ಸಾರ್ವಜನಿಕ ಕೀಯನ್ನು ಡಿಎನ್‌ಎಸ್‌ನಲ್ಲಿ ಇಟ್ಟರೆ ಮುಗಿಯಿತು. ಹಿಂದೆಂದೂ ಪತ್ರವ್ಯವಹಾರ ಮಾಡದ ಅಪರಿಚಿತ ಸರ್ವರ್ ಕೂಡ ಅದನ್ನು ಓದಿ ಪರೀಕ್ಷಿಸಬಹುದು. ಆದರೆ ಇಂದು ಪತ್ರ ಪಡೆಯುವ ಅಪರಿಚಿತ ಸರ್ವರಿಗೆ ಪರೀಕ್ಷಿಸಲು ಬರುವುದಾದರೆ, ನಾಳೆ ಪತ್ರ ಕದ್ದ ಅಪರಿಚಿತರಿಗೂ ಪರೀಕ್ಷಿಸಲು ಬರುತ್ತದೆ. ಮೊದಲನೆಯ ಅನುಕೂಲವನ್ನು ಉಳಿಸಿಕೊಂಡು ಎರಡನೆಯದನ್ನು ತಡೆಯುವ ದಾರಿ ಡಿಕಿಮ್‌ನಲ್ಲಿ ಇರಲಿಲ್ಲ. ಪೊಡೆಸ್ಟಾ ಅವರ ಖಾತೆ ಖಾಲಿಯಾದಾಗ ಕಳ್ಳರಿಗೆ ಸಿಕ್ಕಿದ್ದು ಪತ್ರಗಳು ಮಾತ್ರವಲ್ಲ, ಆ ಪತ್ರಗಳ ಪ್ರಾಮಾಣ್ಯಕ್ಕೆ ಜಗತ್ತೇ ಒಪ್ಪುವ ಪುರಾವೆಯೂ ಸಿಕ್ಕಿತು. ಅಷ್ಟು ಪುರಾವೆಯನ್ನು ಪತ್ರ ಬರೆದವರು ಯಾರೂ ಕೊಡಲು ಒಪ್ಪಿರಲಿಲ್ಲ. ಇದು ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ತೊಡಕು.

ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಇದೇ ಗಣಿತವನ್ನು ಬೇರೆ ರೀತಿಯಲ್ಲಿ ಬಳಸುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಆ ಕಾಯ್ದೆ ಮಾನ್ಯ ಮಾಡುವ ಡಿಜಿಟಲ್ ಸಹಿಗೂ ಖಾಸಗಿ-ಸಾರ್ವಜನಿಕ ಕೀ ಜೋಡಿ ಮತ್ತು ಹ್ಯಾಶ್ ಬೇಕು. ಆದರೆ ಅಲ್ಲಿ ಕೀಯನ್ನು ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಯು ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರಿಗೆ ಪ್ರಮಾಣಪತ್ರದ ಮೂಲಕ ಕಟ್ಟಿರುತ್ತದೆ, ಮತ್ತು ಆ ವ್ಯಕ್ತಿ ತಿಳಿದೇ ಸಹಿ ಹಾಕುತ್ತಾರೆ. ಡಿಕಿಮ್ ಸಹಿಯ ಹಿಂದೆ ಅಂಥ ವ್ಯಕ್ತಿಯೂ ಇಲ್ಲ, ಅಂಥ ಸಮ್ಮತಿಯೂ ಇಲ್ಲ.

ಸಹಿಯ ಬಲವೆಲ್ಲ ಖಾಸಗಿ ಕೀ ಗುಟ್ಟಾಗಿ ಉಳಿಯುವುದರ ಮೇಲೆ ನಿಂತಿದೆ. 2012ರಲ್ಲಿ ಜ್ಯಾಕರಿ ಹ್ಯಾರಿಸ್ ಎಂಬ ಗಣಿತಜ್ಞರು ತಮಗೆ ಗೂಗಲ್‌ನಿಂದ ಬಂದ ಪತ್ರವೊಂದರ ಡಿಕಿಮ್ ಕೀ ಕೇವಲ 512 ಬಿಟ್ ಉದ್ದದ್ದು ಎಂಬುದನ್ನು ಗಮನಿಸಿದರು. ಆರ್‌ಎಸ್‌ಎ ಎಂಬ ಸಹಿ ವಿಧಾನದ ಅಷ್ಟು ಚಿಕ್ಕ ಕೀಯ ಅಪವರ್ತನಗಳನ್ನು ಬಾಡಿಗೆಗೆ ಪಡೆದ ಕಂಪ್ಯೂಟರುಗಳಲ್ಲಿ ಕೆಲವೇ ದಿನಗಳಲ್ಲಿ ಕಂಡುಹಿಡಿದು, ಖಾಸಗಿ ಕೀಯನ್ನು ಪಡೆದು, ಗೂಗಲ್ ಸ್ಥಾಪಕರೊಬ್ಬರ ಹೆಸರಿನಲ್ಲಿ ಇನ್ನೊಬ್ಬ ಸ್ಥಾಪಕರಿಗೆ ಸರಿಯಾದ ಸಹಿಯುಳ್ಳ ಪತ್ರವನ್ನೇ ಕಳುಹಿಸಿದರು. ಬಳಿಕ ಗೂಗಲ್ 2048 ಬಿಟ್ ಕೀಗಳಿಗೆ ಬದಲಾಯಿತು. ಆದ್ದರಿಂದ ಹಳೆಯ ಪತ್ರವೊಂದರ ಸಹಿಯನ್ನು ಪರೀಕ್ಷಿಸುವವರು, ಸಹಿ ಹೊಂದುತ್ತದೆಯೇ ಎಂದು ನೋಡುವುದಕ್ಕಿಂತ ಮೊದಲು ಕೀಯ ಉದ್ದವನ್ನು ನೋಡಬೇಕು. 512 ಬಿಟ್ ಕೀಯ ಸಹಿಯನ್ನು ಇಂದು ಸಾಕ್ಷ್ಯವೆಂದು ಒಪ್ಪಲಾಗದು. ಪತ್ರದಲ್ಲಿರುವ ದಿನಾಂಕವನ್ನೂ ಇದೇ ಎಚ್ಚರದಿಂದ ನೋಡಬೇಕು. ದಿನಾಂಕದ ಹೆಡರ್ ಸಹಿಯ ವ್ಯಾಪ್ತಿಯಲ್ಲಿದ್ದರೂ, ಸಹಿ ಹಾಕಿದ್ದು ಆ ದಿನವೇ ಎಂಬುದಕ್ಕೆ ಹೊರಗಿನ ಸಾಕ್ಷಿ ಇರುವುದಿಲ್ಲ. ಮುಂದೆಂದೋ ಕೀ ಸೋರಿಹೋದರೆ ಹಿಂದಿನ ದಿನಾಂಕ ಹಾಕಿ ಹೊಸ ಪತ್ರ ಸೃಷ್ಟಿಸಬಹುದು.

ಮಾತುಕತೆಯ ತಂತ್ರಾಂಶಗಳನ್ನು ರೂಪಿಸಿದವರು ಈ ತೊಡಕನ್ನು ಬೇರೆ ದಿಕ್ಕಿನಿಂದ ಮೊದಲೇ ಕಂಡಿದ್ದರು. 2004ರಲ್ಲಿ ನಿಕಿಟಾ ಬೊರಿಸೊವ್, ಇಯಾನ್ ಗೋಲ್ಡ್‌ಬರ್ಗ್ ಮತ್ತು ಎರಿಕ್ ಬ್ರೂವರ್ ಅವರು ಒಟಿಆರ್ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ಎದುರಾಬದುರು ಕುಳಿತು ಆಡಿದ ಖಾಸಗಿ ಮಾತಿಗೆ ಕೇಳಿದವರ ನೆನಪಲ್ಲದೆ ಬೇರೆ ಪುರಾವೆ ಉಳಿಯುವುದಿಲ್ಲ. ಬರೆದು ಕಳುಹಿಸಿದ ಮಾತಿಗೂ ಅದಕ್ಕಿಂತ ಹೆಚ್ಚಿನ ಪುರಾವೆ ಉಳಿಯಬಾರದು ಎಂಬುದು ಅವರ ನಿಲುವು. ಆ ವ್ಯವಸ್ಥೆಯಲ್ಲಿ ಪರಸ್ಪರ ಗುರುತು ಹಿಡಿಯಲು ಆರಂಭದಲ್ಲಿ ಸಹಿ ಬಳಸಿದರೂ, ಸಂದೇಶಗಳಿಗೆ ಮ್ಯಾಕ್ ಮಾತ್ರ. ಅಷ್ಟಕ್ಕೇ ನಿಲ್ಲದೆ, ಬಳಸಿ ಮುಗಿದ ಮ್ಯಾಕ್ ಕೀಗಳನ್ನು ತಂತ್ರಾಂಶವೇ ಬಹಿರಂಗವಾಗಿ ಪ್ರಕಟಿಸಿಬಿಡುತ್ತದೆ. ಸಂದೇಶ ಬಂದಾಗ ಕೀ ಗುಟ್ಟಾಗಿದ್ದುದರಿಂದ ಪಡೆದವರ ಭರವಸೆ ಕೆಡುವುದಿಲ್ಲ. ಆಮೇಲೆ ಕೀ ಎಲ್ಲರಿಗೂ ಗೊತ್ತಾಗುವುದರಿಂದ ಹಳೆಯ ಸಂದೇಶವನ್ನು ಯಾರು ಬೇಕಾದರೂ ಸೃಷ್ಟಿಸಿರಬಹುದು ಎಂಬ ಸ್ಥಿತಿ ಉಂಟಾಗುತ್ತದೆ. ಇದರಿಂದ ಹೋಗುವುದು ಗಣಿತದ ಪುರಾವೆ ಮಾತ್ರ ಎಂಬುದನ್ನು ನೆನಪಿಡಬೇಕು. ಫೋನು ವಶವಾದರೆ, ಎದುರಿನವರು ಸಾಕ್ಷಿ ನುಡಿದರೆ, ಅಥವಾ ಓದುಗರು ಸ್ಕ್ರೀನ್‌ಶಾಟನ್ನೇ ನಂಬಿಬಿಟ್ಟರೆ ಮ್ಯಾಕ್ ಏನನ್ನೂ ತಡೆಯಲಾರದು.

2020ರ ನವೆಂಬರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗ್ರೀನ್ ಅವರು ಇದೇ ಉಪಾಯವನ್ನು ಇಮೇಲ್‌ಗೆ ಅನ್ವಯಿಸಬೇಕೆಂದು ಗೂಗಲ್‌ಗೆ ಬಹಿರಂಗವಾಗಿ ಕೇಳಿಕೊಂಡರು: ಡಿಕಿಮ್ ಕೀಗಳನ್ನು ಆಗಾಗ ಬದಲಿಸಿ, ಹಳೆಯ ಖಾಸಗಿ ಕೀಗಳನ್ನು ಪ್ರಕಟಿಸಿಬಿಡಿ. ಪತ್ರ ದಾರಿಯಲ್ಲಿರುವ ಕೆಲವು ದಿನಗಳ ಮಟ್ಟಿಗೆ ಸಹಿ ತನ್ನ ಕೆಲಸ ಮಾಡುತ್ತದೆ. ಖಾಸಗಿ ಕೀ ಹೊರಬಿದ್ದ ಮೇಲೆ ಅದೇ ಸಹಿಯನ್ನು ಯಾರು ಬೇಕಾದರೂ ತಯಾರಿಸಬಹುದಾದ್ದರಿಂದ, ಅದು ಮೂರನೆಯವರನ್ನು ಒಪ್ಪಿಸುವ ಶಕ್ತಿಯನ್ನು ಕಳೆದುಕೊಂಡು ಮ್ಯಾಕ್‌ನಂತೆ ಆಗುತ್ತದೆ. ಡಿಎನ್‌ಎಸ್‌ನಿಂದ ಹಳೆಯ ಸಾರ್ವಜನಿಕ ಕೀಯನ್ನು ಅಳಿಸುವುದು ಮಾತ್ರ ಸಾಲದು, ಏಕೆಂದರೆ ಅದರ ಪ್ರತಿಯನ್ನು ಯಾರಾದರೂ ಇಟ್ಟುಕೊಂಡಿದ್ದರೆ ಪರೀಕ್ಷೆ ಹಿಂದಿನಂತೆಯೇ ನಡೆಯುತ್ತದೆ. ಈ ಉಪಾಯಕ್ಕೂ ಒಂದು ಮಿತಿ ಇದೆ. ಖಾಸಗಿ ಕೀ ಪ್ರಕಟವಾಗುವ ಮೊದಲೇ ಸಹಿಸಹಿತ ಪತ್ರ ಸಾರ್ವಜನಿಕವಾಗಿ ಎಲ್ಲಾದರೂ ದಾಖಲಾಗಿದ್ದರೆ, ಅದು ಆಮೇಲೆ ಸೃಷ್ಟಿಯಾದದ್ದಲ್ಲ ಎಂದು ತೋರಿಸಬಹುದು. ಆ ಸರಣಿಯ ಪತ್ರ 2016ರಲ್ಲೇ ಪ್ರಕಟವಾಗಿ ಪರೀಕ್ಷೆಗೂ ಒಳಗಾಗಿರುವುದರಿಂದ, ಮುಂದೆ ಯಾವ ಕೀ ಹೊರಬಂದರೂ ಅದರ ಮೇಲಿನ ಸಹಿಯ ಸಾಕ್ಷ್ಯ ಕುಂದುವುದಿಲ್ಲ.